ಇನ್ವರ್ಟರ್ ಬ್ಯಾಟರಿಯೋ, ಸಣ್ಣ ಜನರೇಟರೋ: ಖರ್ಚನ್ನು ಲೀಟರಿನಲ್ಲಿ ಅಳೆದು ನೋಡಿದಾಗ

ಕರೆಂಟ್ ಹೋದಾಗ ಮನೆಯ ದೀಪ, ಫ್ಯಾನುಗಳನ್ನು ನಡೆಸಲು ಇನ್ವರ್ಟರ್ ಒಳ್ಳೆಯದೋ ಸಣ್ಣ ಜನರೇಟರ್ ಒಳ್ಳೆಯದೋ ಎಂಬ ಪ್ರಶ್ನೆ ಎದುರಾದಾಗ ಹೆಚ್ಚಿನವರು ಎರಡರ ಬೆಲೆಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸುತ್ತಾರೆ. ಆದರೆ ಈ ಎರಡು ಯಂತ್ರಗಳು ಹಣವನ್ನು ಬೇಡುವ ರೀತಿಯೇ ಬೇರೆ. ಜನರೇಟರ್ ಓಡುವಾಗ ಪೆಟ್ರೋಲನ್ನು ಬೇಡುತ್ತದೆ, ನಿಂತಾಗ ಹೆಚ್ಚೇನನ್ನೂ ಕೇಳುವುದಿಲ್ಲ. ಬ್ಯಾಟರಿ ನಡೆಸುವಾಗ ಬಹಳ ಕಡಿಮೆ ಬೇಡುತ್ತದೆ, ಆದರೆ ಬಳಸಿದರೂ ಬಳಸದಿದ್ದರೂ ಮುದಿಯಾಗುತ್ತಾ ಹೋಗುತ್ತದೆ. ಹೀಗಾಗಿ ಯಾವುದು ಅಗ್ಗ ಎಂಬುದನ್ನು ನಿರ್ಧರಿಸುವ ಸಂಗತಿಗಳು ಎರಡು: ವರ್ಷದಲ್ಲಿ ಒಟ್ಟು ಎಷ್ಟು ಗಂಟೆ ವಿದ್ಯುತ್ ಇರುವುದಿಲ್ಲ, ಮತ್ತು ಒಂದು ಸಲ ಹೋದರೆ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಬರುವುದಿಲ್ಲ. ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ನಿಜವಾಗಿ ಲೆಕ್ಕವನ್ನು ತಿರುಗಿಸುವುದು ಎರಡನೆಯದು, ಮತ್ತು ಈ ಲೇಖನದಲ್ಲಿ ನಾನು ತೋರಿಸಲು ಹೊರಟಿರುವುದೂ ಅದನ್ನೇ.

ಪೆಟ್ರೋಲ್, ವಿದ್ಯುತ್, ಬ್ಯಾಟರಿ ಇವುಗಳ ಬೆಲೆ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ಹಣದ ಅಂಕಿಗಳನ್ನು ಬಳಸುವುದಿಲ್ಲ. ಅದರ ಬದಲು ಪ್ರತಿಯೊಂದು ಖರ್ಚನ್ನೂ ಪೆಟ್ರೋಲಿನ ಲೀಟರಿನಲ್ಲಿ ಅಳೆಯೋಣ. ಅಂಗಡಿಯವರು ಹೇಳಿದ ಬೆಲೆಯನ್ನು ಒಂದು ಲೀಟರ್ ಪೆಟ್ರೋಲಿನ ಬೆಲೆಯಿಂದ ಭಾಗಿಸಿದರೆ ಆ ವಸ್ತು ಎಷ್ಟು ಲೀಟರಿಗೆ ಸಮ ಎಂಬುದು ತಿಳಿಯುತ್ತದೆ. ಉದಾಹರಣೆಗಾಗಿ ಹೀಗೆ ಇಟ್ಟುಕೊಳ್ಳುತ್ತೇನೆ: ಒಂದು ಟ್ಯೂಬುಲರ್ ಬ್ಯಾಟರಿಗೆ 150 ಲೀಟರ್, ಇನ್ವರ್ಟರಿಗೆ 70 ಲೀಟರ್, ಒಂದು ಕೆವಿಎ ಪೆಟ್ರೋಲ್ ಜನರೇಟರಿಗೆ 350 ಲೀಟರ್, ಹಾಗೂ ಒಂದು ಲೀಟರ್ ಪೆಟ್ರೋಲಿನ ಹಣಕ್ಕೆ 10 ಯೂನಿಟ್ ವಿದ್ಯುತ್. ಇವು ಲೆಕ್ಕದ ದಾರಿಯನ್ನು ತೋರಿಸಲು ಹಿಡಿದ ಅಂಕಿಗಳು. ಓದುಗರು ಇವುಗಳ ಜಾಗದಲ್ಲಿ ತಮ್ಮ ಅಂಕಿಗಳನ್ನು ಹಾಕಿಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಹಾಗೆಯೇ ನಡೆಯುತ್ತವೆ.

ನಡೆಸಬೇಕಾದ ಹೊರೆಯನ್ನು 300 ವಾಟ್ ಎಂದು ಹಿಡಿಯೋಣ. ತಲಾ 60 ವಾಟಿನ ಮೂರು ಫ್ಯಾನು, ತಲಾ 10 ವಾಟಿನ ಐದು ಎಲ್‌ಇಡಿ ದೀಪ, ಒಂದು ಲ್ಯಾಪ್‌ಟಾಪ್, ಒಂದು ಇಂಟರ್ನೆಟ್ ರೂಟರ್ ಸೇರಿದರೆ ಸುಮಾರು ಅಷ್ಟಾಗುತ್ತದೆ. ಈ ಹೊರೆಯನ್ನು ಒಂದು ಗಂಟೆ ನಡೆಸಿದರೆ 0.3 ಯೂನಿಟ್ ಬೇಕು.

ಬ್ಯಾಟರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಮೇಲೆ ಬರೆದಿರುವ ಅಂಕಿಯೇ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್ ಎಂದು ಬರೆದಿದ್ದರೆ ಗುಣಿಸಿದಾಗ 1.8 ಯೂನಿಟ್ ಆಗುತ್ತದೆ. ಆದರೆ ಇನ್ವರ್ಟರ್ ಬ್ಯಾಟರಿಗಳ ಈ ಅಂಕಿ ಸಾಮಾನ್ಯವಾಗಿ 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಳತೆ. 150 ಆಂಪಿಯರ್-ಅವರ್ ಎಂದರೆ 7.5 ಆಂಪಿಯರಿನಂತೆ 20 ಗಂಟೆ ಎಂದರ್ಥ. 300 ವಾಟ್ ಹೊರೆ ಹಾಕಿದಾಗ ಇನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿಯಿಂದ 30 ಆಂಪಿಯರಿನಷ್ಟು ಹರಿಯುತ್ತದೆ. ಇಷ್ಟು ವೇಗವಾಗಿ ಎಳೆದರೆ ಸೀಸ-ಆಮ್ಲದ ಬ್ಯಾಟರಿ ತನ್ನ ಅಳತೆಯ ಸುಮಾರು 80 ಶೇಕಡದಷ್ಟನ್ನು ಮಾತ್ರ ಕೊಡುತ್ತದೆ. ಅದರಲ್ಲಿ ಇನ್ವರ್ಟರ್ ಸುಮಾರು 15 ಶೇಕಡವನ್ನು ಬಿಸಿಯಾಗಿ ಕಳೆದುಬಿಡುತ್ತದೆ. ಉಳಿಯುವುದು 1.2 ಯೂನಿಟ್. ಪ್ರತಿ ಸಲವೂ ತಳ ಕಾಣುವವರೆಗೆ ಬಳಸಿದರೆ ಬ್ಯಾಟರಿಯ ಆಯುಷ್ಯ ಬೇಗ ಕುಗ್ಗುವುದರಿಂದ ಸ್ವಲ್ಪ ಉಳಿಸಿಕೊಂಡರೆ ಕೈಗೆ ಸಿಗುವುದು ಒಂದು ಯೂನಿಟಿಗಿಂತ ತುಸು ಹೆಚ್ಚು, ಅಂದರೆ ಈ ಹೊರೆಗೆ ಮೂರೂವರೆ ಗಂಟೆ. ಹೊಸ ಬ್ಯಾಟರಿಯ ಮಾತು ಇದು. ನಾಲ್ಕನೆಯ ವರ್ಷದ ಹೊತ್ತಿಗೆ ಇದೇ ಬ್ಯಾಟರಿ ಎರಡು ಎರಡೂವರೆ ಗಂಟೆಗೆ ಇಳಿದಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಬ್ಯಾಟರಿಯೊಳಗೆ ಹಾಕಿದ್ದೆಲ್ಲ ಹೊರಗೆ ಬರುವುದಿಲ್ಲ ಎಂಬುದೂ ಖರ್ಚಿನ ಭಾಗವೇ. ಚಾರ್ಜರಿನ ನಷ್ಟ, ಬ್ಯಾಟರಿಯೊಳಗಿನ ನಷ್ಟ, ಇನ್ವರ್ಟರಿನ ನಷ್ಟ ಮೂರೂ ಸೇರಿದರೆ, ಒಂದು ಯೂನಿಟ್ ಪಡೆಯಲು ಗೋಡೆಯ ಸಾಕೆಟ್ಟಿನಿಂದ ಸುಮಾರು 1.7 ಯೂನಿಟ್ ತುಂಬಬೇಕಾಗುತ್ತದೆ. ಇನ್ನೊಂದು ಖರ್ಚು ಕಣ್ಣಿಗೆ ಬೀಳದೇ ನಡೆಯುತ್ತಿರುತ್ತದೆ. ಕರೆಂಟ್ ಇರುವಾಗಲೂ ಇನ್ವರ್ಟರ್ ತನ್ನನ್ನು ತಾನು ಎಚ್ಚರವಾಗಿ ಇಟ್ಟುಕೊಳ್ಳಲು, ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಹಿಡಿದಿಡಲು ಹತ್ತು ಹನ್ನೆರಡು ವಾಟ್ ಎಳೆಯುತ್ತಲೇ ಇರುತ್ತದೆ. ದಿನವಿಡೀ ಹೀಗೆ ಎಳೆದರೆ ವರ್ಷಕ್ಕೆ 100 ಯೂನಿಟ್, ನಮ್ಮ ಅಳತೆಯಲ್ಲಿ 10 ಲೀಟರ್. ಅಪರೂಪಕ್ಕೆ ಮಾತ್ರ ಕರೆಂಟ್ ಹೋಗುವ ಮನೆಯಲ್ಲಿ, ಇನ್ವರ್ಟರ್ ವರ್ಷವಿಡೀ ಕೊಟ್ಟ ವಿದ್ಯುತ್ತಿಗಿಂತ ಕಾಯುತ್ತಾ ಕೂತು ತಿಂದ ವಿದ್ಯುತ್ತೇ ಹೆಚ್ಚಾಗಿರಬಹುದು.

ಈಗ ಜನರೇಟರ್. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಯೂನಿಟಿನಷ್ಟು ಶಾಖಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ವಿದ್ಯುತ್ತಾಗಿ ಹೊರಗೆ ಕೊಡುವುದು ಪೂರ್ಣ ಹೊರೆಯಲ್ಲಿ ಒಂದೂವರೆ ಯೂನಿಟ್, ಕಡಿಮೆ ಹೊರೆಯಲ್ಲಿ ಒಂದಕ್ಕೂ ಕಡಿಮೆ. ಕಾರಣ ಸರಳ. ಸಾಮಾನ್ಯ ಜನರೇಟರ್ 50 ಹರ್ಟ್ಸ್ ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಒಂದು ದೀಪ ಉರಿಯಲಿ, ಹತ್ತು ದೀಪ ಉರಿಯಲಿ, ಆ ವೇಗ ಬದಲಾಗುವಂತಿಲ್ಲ. ಸುಮ್ಮನೆ ತಿರುಗುವುದಕ್ಕೇ ಇಂಧನದ ದೊಡ್ಡ ಪಾಲು ಹೋಗುತ್ತದೆ. ಸುಮಾರು 800 ವಾಟ್ ಕೊಡಬಲ್ಲ ಒಂದು ಕೆವಿಎ ಜನರೇಟರ್ ಪೂರ್ಣ ಹೊರೆಯಲ್ಲಿ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಕುಡಿದರೆ, ನಮ್ಮ 300 ವಾಟಿಗೂ 0.4 ಲೀಟರಿನ ಹತ್ತಿರವೇ ಕುಡಿಯುತ್ತದೆ. ಹೊರೆ ಅರ್ಧಕ್ಕಿಂತ ಕೆಳಗಿಳಿದರೂ ಪೆಟ್ರೋಲ್ ಅರ್ಧಕ್ಕೆ ಇಳಿಯುವುದಿಲ್ಲ. ಇದೇ ಕಾರಣಕ್ಕೆ, ಮುಂದೆ ಬೇಕಾದೀತು ಎಂದು ಮೂರು ಕೆವಿಎ ಕೊಂಡು ಅದರಲ್ಲಿ ಎರಡು ಫ್ಯಾನು ನಡೆಸುವವರು ಪ್ರತಿ ಗಂಟೆಯೂ ದಂಡ ಕಟ್ಟುತ್ತಿರುತ್ತಾರೆ. ಹೊರೆಗೆ ತಕ್ಕಂತೆ ಎಂಜಿನ್ನಿನ ವೇಗ ಇಳಿಸುವ ಇನ್ವರ್ಟರ್ ಮಾದರಿಯ ಜನರೇಟರುಗಳು ಈ ನಷ್ಟವನ್ನು ಕಡಿಮೆ ಮಾಡುತ್ತವೆ, ಆದರೆ ಅವುಗಳ ಖರೀದಿ ಬೆಲೆ ಹೆಚ್ಚು.

ಮೊದಲ ಮನೆಯನ್ನು ನೋಡೋಣ. ಇಲ್ಲಿ ವರ್ಷದಲ್ಲಿ 300 ದಿನ, ದಿನಕ್ಕೆ ಎರಡು ಗಂಟೆ ಕರೆಂಟ್ ಹೋಗುತ್ತದೆ; ಒಟ್ಟು 600 ಗಂಟೆ, 180 ಯೂನಿಟ್. ಒಂದೇ ಬ್ಯಾಟರಿ ಸಾಕು. ತುಂಬುವ ವಿದ್ಯುತ್ತು 306 ಯೂನಿಟ್, ಕಾಯುವ ಖರ್ಚು 100 ಯೂನಿಟ್, ಎರಡೂ ಸೇರಿ ಸುಮಾರು 40 ಲೀಟರ್. ಬ್ಯಾಟರಿ ಐದು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 30 ಲೀಟರ್, ಇನ್ವರ್ಟರ್ ಹತ್ತು ವರ್ಷ ಎಂದರೆ 7 ಲೀಟರ್, ಡಿಸ್ಟಿಲ್ಡ್ ವಾಟರಿಗೆ ಒಂದು ಲೀಟರ್. ಒಟ್ಟು ವರ್ಷಕ್ಕೆ ಸುಮಾರು 78 ಲೀಟರ್.

ಇದೇ ಮನೆಗೆ ಜನರೇಟರ್ ಆದರೆ ಪೆಟ್ರೋಲೇ 240 ಲೀಟರ್. ಎಂಜಿನ್ ಆಯಿಲನ್ನು ಪ್ರತಿ 100 ಗಂಟೆಗೊಮ್ಮೆ ಬದಲಿಸಬೇಕು, ಅಂದರೆ ವರ್ಷಕ್ಕೆ ಆರು ಸಲ, ಪ್ರತಿ ಸಲ ಅರ್ಧ ಲೀಟರ್ ಆಯಿಲ್. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಸೇರಿಸಿ ಇವುಗಳಿಗೆ 20 ಲೀಟರ್ ಎನ್ನೋಣ. ಇನ್ನು ಯಂತ್ರದ ಸವೆತ: ಸಣ್ಣ ಜನರೇಟರನ್ನು ಚೆನ್ನಾಗಿ ನೋಡಿಕೊಂಡರೆ 2000 ಗಂಟೆ ಓಡೀತು ಎಂದು ಹಿಡಿದರೆ, ವರ್ಷಕ್ಕೆ 600 ಗಂಟೆಯ ಲೆಕ್ಕದಲ್ಲಿ ಅದು ಮೂರು ವರ್ಷ ಚಿಲ್ಲರೆ ದಿನಗಳಲ್ಲಿ ಮುಗಿಯುತ್ತದೆ, ವರ್ಷಕ್ಕೆ 105 ಲೀಟರ್. ಒಟ್ಟು 365 ಲೀಟರ್. ಬ್ಯಾಟರಿಯ ನಾಲ್ಕು ಪಟ್ಟಿಗೂ ಹೆಚ್ಚು. ಇಲ್ಲಿ ಜನರೇಟರ್ ಪುಕ್ಕಟೆಯಾಗಿ ಸಿಕ್ಕರೂ ಬ್ಯಾಟರಿಯೇ ಅಗ್ಗ.

ಎರಡನೆಯ ಮನೆಯಲ್ಲಿ ದಿನನಿತ್ಯ ಕರೆಂಟ್ ಹೋಗುವುದಿಲ್ಲ. ಆದರೆ ಗಾಳಿಮಳೆಗೆ ಕಂಬ ಬಿದ್ದೋ ಟ್ರಾನ್ಸ್‌ಫಾರ್ಮರ್ ಕೆಟ್ಟೋ ವರ್ಷದಲ್ಲಿ ಎಂಟು ಸಲ, ಪ್ರತಿ ಸಲ ಹನ್ನೆರಡು ಗಂಟೆ ಹೋಗುತ್ತದೆ. ಒಟ್ಟು 96 ಗಂಟೆ, ಮೊದಲ ಮನೆಯ ಆರನೆಯ ಒಂದು ಪಾಲೂ ಇಲ್ಲ. ಆದರೆ ಒಂದು ಸಲಕ್ಕೆ 3.6 ಯೂನಿಟ್ ಬೇಕು. ಹೊರೆ ಹಂಚಿಹೋಗುವುದರಿಂದ ಹೊಸ ಬ್ಯಾಟರಿಗಳು ಮೂರಾದರೂ ಹೇಗೋ ನಡೆದೀತು. ಹಳತಾಗುವುದನ್ನು ಲೆಕ್ಕ ಹಾಕಿದರೆ ನಾಲ್ಕು ಬೇಕು. ನಾಲ್ಕು ಬ್ಯಾಟರಿ 600 ಲೀಟರ್, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 120. ವರ್ಷದಲ್ಲಿ ಎಂಟೇ ಸಲ ಬಳಸಿದರೆ ಹೆಚ್ಚು ವರ್ಷ ಬಾರದೇ ಎಂದು ಕೇಳಬಹುದು. ಸೀಸದ ಬ್ಯಾಟರಿಯೊಳಗಿನ ಧನ ಫಲಕದ ಜಾಲರಿ ತುಂಬಿದ ಸ್ಥಿತಿಯಲ್ಲಿ ಕೂತಿದ್ದಾಗಲೂ ನಿಧಾನವಾಗಿ ಕೊರೆದುಹೋಗುತ್ತಿರುತ್ತದೆ, ಬಿಸಿಯಾದ ಜಾಗದಲ್ಲಿ ಇನ್ನಷ್ಟು ಬೇಗ. ಹಾಗಾಗಿ ಐದು ವರ್ಷ ಆರಾದೀತೇ ಹೊರತು ಹದಿನೈದಾಗುವುದಿಲ್ಲ. ಇದಕ್ಕೆ ದೊಡ್ಡ ಇನ್ವರ್ಟರಿನ ಪಾಲು 10, ಕಾಯುವ ಖರ್ಚು 15, ತುಂಬುವ ವಿದ್ಯುತ್ತು 5, ಡಿಸ್ಟಿಲ್ಡ್ ವಾಟರ್ ಇತ್ಯಾದಿ 5 ಸೇರಿಸಿದರೆ ವರ್ಷಕ್ಕೆ 155 ಲೀಟರ್.

ಇಲ್ಲಿ ಜನರೇಟರಿಗೆ ಪೆಟ್ರೋಲ್ 38 ಲೀಟರ್. ಯಂತ್ರ ಗಂಟೆಗಳ ಲೆಕ್ಕದಲ್ಲಿ ಇಪ್ಪತ್ತು ವರ್ಷ ಬಂದೀತು, ಆದರೆ ರಬ್ಬರ್ ಕೊಳವೆ, ಗ್ಯಾಸ್ಕೆಟ್ಟುಗಳು ಅಷ್ಟು ಕಾಲ ಕಾಯುವುದಿಲ್ಲವಾದ್ದರಿಂದ ಹನ್ನೆರಡು ವರ್ಷ ಎಂದು ಹಿಡಿಯುತ್ತೇನೆ. ವರ್ಷಕ್ಕೆ ಸುಮಾರು 30 ಲೀಟರ್. ಆಯಿಲ್, ತಿಂಗಳಿಗೊಮ್ಮೆ ಓಡಿಸಿ ನೋಡುವ ಪೆಟ್ರೋಲ್, ಸಣ್ಣಪುಟ್ಟ ದುರಸ್ತಿಗೆ 12 ಲೀಟರ್. ಒಟ್ಟು 80 ಲೀಟರ್. ಬ್ಯಾಟರಿಯ ಅರ್ಧದಷ್ಟು ಮಾತ್ರ.

ಎರಡೂ ಮನೆಗಳ ಹೊರೆ ಒಂದೇ, ಬೆಲೆಗಳೂ ಒಂದೇ. ಬೇರೆಯಾದದ್ದು ಕಡಿತದ ಉದ್ದ. ಇದೇ ಅಂಕಿಗಳನ್ನು ಹಿಡಿದು ಸಮವಾಗುವ ಬಿಂದುವನ್ನು ಹುಡುಕಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರತಿ ಕಡಿತವೂ ಒಂದು ಬ್ಯಾಟರಿಯಲ್ಲಿ ಮುಗಿಯುವಂತಿದ್ದರೆ ವರ್ಷಕ್ಕೆ 20 ಗಂಟೆ ದಾಟುತ್ತಲೇ ಬ್ಯಾಟರಿ ಅಗ್ಗವಾಗುತ್ತದೆ. ಹನ್ನೆರಡು ಗಂಟೆಯ ಕಡಿತಕ್ಕೆ ನಾಲ್ಕು ಬ್ಯಾಟರಿ ಇಡಬೇಕಾದರೆ, ವರ್ಷಕ್ಕೆ ಸುಮಾರು 260 ಗಂಟೆ ಆಗುವವರೆಗೂ ಜನರೇಟರೇ ಅಗ್ಗ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು, ಸಾಧ್ಯವಾದರೆ ಮಳೆ ಗಾಳಿಯ ತಿಂಗಳೂ ಸೇರುವಂತೆ, ಕರೆಂಟ್ ಹೋದ ಮತ್ತು ಬಂದ ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಯಾವ ಜಾಹೀರಾತಿಗಿಂತಲೂ ಒಳ್ಳೆಯ ಸಲಹೆಗಾರ. ಅದರಲ್ಲಿ ಸರಾಸರಿಯನ್ನಲ್ಲ, ಉದ್ದದ ಕಡಿತಗಳನ್ನು ನೋಡಬೇಕು.

ಕಡಿತಗಳ ನಡುವಿನ ಅಂತರವೂ ಬ್ಯಾಟರಿಗೆ ಮುಖ್ಯ. 150 ಆಂಪಿಯರ್-ಅವರ್ ಬ್ಯಾಟರಿಯನ್ನು ಇನ್ವರ್ಟರ್ ಸಾಮಾನ್ಯವಾಗಿ 15 ಆಂಪಿಯರಿನ ಆಸುಪಾಸಿನಲ್ಲಿ ತುಂಬುತ್ತದೆ. ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಆರು ಗಂಟೆ ಕರೆಂಟ್ ಇದ್ದು ಆರು ಗಂಟೆ ಇಲ್ಲದಿರುವ ಕಡೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ಇದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಇದನ್ನು ಹೈಡ್ರೋಮೀಟರಿನಿಂದ ಕಂಡುಕೊಳ್ಳಬಹುದು. ಪೂರ್ತಿ ತುಂಬಿದ ಟ್ಯೂಬುಲರ್ ಬ್ಯಾಟರಿಯ ಆಮ್ಲದ ಸಾಂದ್ರತೆ 1.240ರ ಹತ್ತಿರ ಇರಬೇಕು. ರಾತ್ರಿಯಿಡೀ ಚಾರ್ಜ್ ಆದ ಮೇಲೂ ಆರೂ ಕೋಶಗಳು 1.200ರಲ್ಲಿ ನಿಂತಿದ್ದರೆ ಅದು ಸಲ್ಫೇಟಿನ ಲಕ್ಷಣ. ಐದು ಸರಿಯಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಶ ಕೆಟ್ಟಿದೆ. ಇಂಥ ಕಡೆಗಳಲ್ಲಿ ಅರೆತುಂಬಿದ ಸ್ಥಿತಿಯಿಂದ ಕೆಡದ, ಬೇಗ ತುಂಬಿಕೊಳ್ಳುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಹೆಚ್ಚಿನ ಬೆಲೆ ನ್ಯಾಯವೆನಿಸುತ್ತದೆ. ದಿನಕ್ಕೊಂದು ಗಂಟೆ ಕರೆಂಟ್ ಹೋಗುವ ಮನೆಗೆ ಅದು ಅಗತ್ಯವೆಂದು ನನಗನಿಸುವುದಿಲ್ಲ.

ಬ್ಯಾಟರಿಯ ನಿತ್ಯದ ಆರೈಕೆ ಅಗ್ಗ, ಆದರೆ ಮರೆತರೆ ದುಬಾರಿ. ಎರಡು ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಲ್ಲಿಯ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಹಾಳುಮಾಡುತ್ತವೆ, ಆಮ್ಲವನ್ನಂತೂ ಹಾಕಲೇಬಾರದು, ಏಕೆಂದರೆ ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ. ಫಲಕದ ಮೇಲ್ತುದಿ ಒಮ್ಮೆ ಗಾಳಿಗೆ ತೆರೆದುಕೊಂಡರೆ ಆ ಭಾಗ ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗ ಬೇಕು. ಆ ಜಾಗ ತಂಪಾಗಿಯೂ ಇರಬೇಕು: 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಗಡಿನ ಮಾಡಿನ ಕೆಳಗೆ ಇಟ್ಟ ಬ್ಯಾಟರಿಗೆ ನನ್ನ ಲೆಕ್ಕದ ಐದು ವರ್ಷ ಅನ್ವಯಿಸುವುದಿಲ್ಲ.

ಜನರೇಟರಿನ ತೊಂದರೆಗಳು ಓಡುವಾಗಿಗಿಂತ ನಿಂತಿರುವಾಗಲೇ ಹುಟ್ಟುತ್ತವೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಒಂದೆರಡು ತಿಂಗಳಲ್ಲಿ ಅಂಟಾಗಿ, ಜೆಟ್ಟಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುತ್ತದೆ. ಚೋಕ್ ಅರ್ಧ ಎಳೆದಿದ್ದರೆ ಮಾತ್ರ ಎಂಜಿನ್ ನಡೆಯುವುದು, ಚೋಕ್ ಬಿಟ್ಟರೆ ನಿಲ್ಲುವುದು, ಇಲ್ಲವೇ ವೇಗ ಏರುತ್ತಾ ಇಳಿಯುತ್ತಾ ಉಯ್ಯಾಲೆಯಾಡುವುದು ಕಂಡರೆ ಮೊದಲು ಜೆಟ್ಟನ್ನು ಅನುಮಾನಿಸಬೇಕು. ಇದನ್ನು ತಪ್ಪಿಸಲು ಬಳಸಿದ ಮೇಲೆ ಪೆಟ್ರೋಲಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಬಹುಪಾಲು ಸಾಕು. ತಿಂಗಳಿಗೊಮ್ಮೆ ಸ್ವಲ್ಪ ಹೊರೆ ಹಾಕಿ ಕಾಲು ಗಂಟೆ ಓಡಿಸಬೇಕು. ಹೊಸ ಎಂಜಿನ್ನಿನ ಮೊದಲ ಆಯಿಲ್ ಬದಲಾವಣೆ 100 ಗಂಟೆಗಲ್ಲ, ಸುಮಾರು 20 ಗಂಟೆಗೆ. ಹೊಸ ಭಾಗಗಳು ಉಜ್ಜಿ ಬಿಡುವ ಲೋಹದ ಪುಡಿ ಅದರಲ್ಲಿ ಇರುತ್ತದೆ.

ಜನರೇಟರನ್ನು ಎಲ್ಲಿ ಇಡುವುದು ಎಂಬುದನ್ನು ಲೆಕ್ಕದ ಆಚೆಗೆ ಬಿಡುವಂತಿಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿದ್ದೆಯಲ್ಲಿರುವವರನ್ನು ಹಾಗೆಯೇ ಕೊಲ್ಲುತ್ತದೆ. ಮನೆಯೊಳಗೆ, ಬಾಲ್ಕನಿಯಲ್ಲಿ, ಬಾಗಿಲು ತೆರೆದ ಗ್ಯಾರೇಜಿನಲ್ಲಿಯೂ ಅದನ್ನು ಓಡಿಸಬಾರದು. ಹೊರಗೆ, ಕಿಟಕಿ ಬಾಗಿಲುಗಳಿಂದ ಆರು ಮೀಟರಾದರೂ ದೂರ ಇರಬೇಕು. ಅಂಥ ಜಾಗ, ಮಳೆಗೆ ಮರೆ ಇಲ್ಲದ ಮನೆಯಲ್ಲಿ ಉಳಿದ ಲೆಕ್ಕ ಏನೇ ಹೇಳಿದರೂ ಜನರೇಟರ್ ಬೇಡ. ಮನೆಯ ತಂತಿಗಳಿಗೆ ಜೋಡಿಸುವುದಾದರೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿ ಬೇಕು ಮತ್ತು ಅದರ ಬೆಲೆಯನ್ನೂ ಖರೀದಿಗೆ ಸೇರಿಸಬೇಕು. ಅದಿಲ್ಲದೆ ಸಾಕೆಟ್ಟಿಗೆ ನೇರ ಚುಚ್ಚಿದರೆ ವಿದ್ಯುತ್ತು ಬೀದಿಯ ತಂತಿಗೆ ಹಿಂದಕ್ಕೆ ಹರಿದು, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ನಿನ ಜೀವಕ್ಕೆ ಅಪಾಯವಾಗುತ್ತದೆ.

ನೀರಿನ ಪಂಪು ನಡೆಸಬೇಕಾದವರ ಲೆಕ್ಕ ಬೇರೆ. ಒಂದು ಅಶ್ವಶಕ್ತಿಯ ಪಂಪು ಓಡುವಾಗ ಒಂದು ಕಿಲೋವಾಟಿನಷ್ಟು ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟನ್ನು ಕೇಳುತ್ತದೆ. ನಮ್ಮ ಸಣ್ಣ ಇನ್ವರ್ಟರ್ ಓವರ್‌ಲೋಡ್ ಎಂದು ನಿಂತುಬಿಡುತ್ತದೆ, ಒಂದು ಕೆವಿಎ ಜನರೇಟರೂ ಏದುಸಿರು ಬಿಟ್ಟು ನಿಲ್ಲುತ್ತದೆ. ಮೂರು ಕೆವಿಎ ಜನರೇಟರ್ ಬೇಕಾದೀತು, ಆದರೆ ಅದನ್ನು ದಿನಕ್ಕೆ ಅರ್ಧ ಗಂಟೆ ಟ್ಯಾಂಕ್ ತುಂಬಲು ಮಾತ್ರ ಓಡಿಸಿದರೆ ಪೆಟ್ರೋಲ್ ಪೋಲಾಗುವುದಿಲ್ಲ.

ದಿನನಿತ್ಯ ಎರಡು ಗಂಟೆಯೂ ಹೋಗುತ್ತದೆ, ಆಗೊಮ್ಮೆ ಹನ್ನೆರಡು ಗಂಟೆಯೂ ಹೋಗುತ್ತದೆ ಎನ್ನುವ ಮನೆಗಳೇ ಹೆಚ್ಚು. ಅಂಥವರಿಗೆ ನಾಲ್ಕು ಬ್ಯಾಟರಿಗಿಂತ ಒಂದು ಬ್ಯಾಟರಿ ಮತ್ತು ಒಂದು ಸಣ್ಣ ಜನರೇಟರ್ ಎರಡನ್ನೂ ಇಟ್ಟುಕೊಳ್ಳುವುದು ಹಣದ ದೃಷ್ಟಿಯಿಂದಲೂ ಸರಿಯೆನ್ನುವುದು ನನ್ನ ಅಭಿಪ್ರಾಯ: ಇಲ್ಲಿನ ಅಂಕಿಗಳಲ್ಲಿ ಒಂದು ಬ್ಯಾಟರಿ, ಇನ್ವರ್ಟರ್, ಜನರೇಟರ್ ಸೇರಿ 570 ಲೀಟರ್, ನಾಲ್ಕು ಬ್ಯಾಟರಿಗಳೇ 600. ಉದ್ದದ ಕಡಿತದ ದಿನ ಮೊದಲ ಮೂರು ಗಂಟೆ ಬ್ಯಾಟರಿ ನಡೆಸುತ್ತದೆ. ಆಮೇಲೆ ಜನರೇಟರ್ ಶುರು ಮಾಡಿದಾಗ ಅದು ಮನೆಯ 300 ವಾಟಿನ ಜೊತೆಗೆ ಇನ್ವರ್ಟರಿನ ಮೂಲಕ ಬ್ಯಾಟರಿಯನ್ನೂ ತುಂಬುತ್ತದೆ, ಅದಕ್ಕೆ ಇನ್ನು 250 ವಾಟ್. ಹೊರೆ 550 ವಾಟಿಗೆ ಏರಿದರೂ ಪೆಟ್ರೋಲ್ ಗಂಟೆಗೆ 0.4ರಿಂದ ಅರ್ಧ ಲೀಟರಿಗೆ ಮಾತ್ರ ಏರುತ್ತದೆ, ಏಕೆಂದರೆ ಸುಮ್ಮನೆ ತಿರುಗುವ ಖರ್ಚನ್ನು ಆಗಲೇ ತೆತ್ತಾಗಿದೆ. ಸಂಜೆ ಐದಾರು ಗಂಟೆ ಹೀಗೆ ಓಡಿಸಿ ಮಲಗುವ ಮುನ್ನ ಜನರೇಟರ್ ನಿಲ್ಲಿಸಿದರೆ, ಅರ್ಧಕ್ಕಿಂತ ಹೆಚ್ಚು ತುಂಬಿದ ಬ್ಯಾಟರಿಯಲ್ಲಿ ಒಂದು ಫ್ಯಾನು, ಒಂದು ದೀಪ ಬೆಳಗಿನವರೆಗೆ ಸದ್ದಿಲ್ಲದೆ ನಡೆಯುತ್ತವೆ. ಅಗ್ಗದ ಜನರೇಟರುಗಳ ವೋಲ್ಟೇಜ್ ಏರುಪೇರಾಗುವುದರಿಂದ ಕೆಲವು ಇನ್ವರ್ಟರುಗಳು ಅದನ್ನು ಒಪ್ಪದೆ ಬ್ಯಾಟರಿಯಲ್ಲೇ ಮುಂದುವರಿಯುತ್ತವೆ. ಇನ್ವರ್ಟರಿನ ಹಿಂಬದಿಯಲ್ಲಿ ಒಳಬರುವ ವೋಲ್ಟೇಜಿನ ವ್ಯಾಪ್ತಿ ಆರಿಸುವ ಸ್ವಿಚ್ ಇದ್ದರೆ ಅದನ್ನು ಅಗಲದ ವ್ಯಾಪ್ತಿಗೆ ಹಾಕಿ, ಚಾರ್ಜಿಂಗ್ ದೀಪ ಹೊತ್ತಿಕೊಳ್ಳುತ್ತದೆಯೇ ಎಂದು ಕರೆಂಟ್ ಇರುವ ದಿನವೇ, ಮೇನ್ ಸ್ವಿಚ್ ಇಳಿಸಿ ಒಮ್ಮೆ ಪರೀಕ್ಷಿಸಿ ನೋಡಿಕೊಳ್ಳಬೇಕು.